ನೀಲಿ ಟಿಕ್ ಬಿದ್ದ ಮೇಲಿನ ಮೌನ

ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ 47 ವಿದ್ಯಾರ್ಥಿನಿಯರಿಗೆ ಸಂಶೋಧಕರು ಕೆಲವು ಹುಡುಗರ ಫೇಸ್‌ಬುಕ್ ಪುಟಗಳನ್ನು ತೋರಿಸಿದರು. ಬೇರೆ ಊರಿನ ಕಾಲೇಜುಗಳ ಈ ಹುಡುಗರು ನಿಮ್ಮ ಪುಟವನ್ನೂ ನೋಡಿದ್ದಾರೆ, ನೀವೆಷ್ಟು ಇಷ್ಟವಾದಿರಿ ಎಂದು ಅಂಕ ಕೊಟ್ಟಿದ್ದಾರೆ ಎಂದರು. ಮೊದಲ ಗುಂಪಿನ ಹುಡುಗಿಯರಿಗೆ 'ಇವರು ನಿಮ್ಮನ್ನು ಎಲ್ಲರಿಗಿಂತ ಹೆಚ್ಚು ಮೆಚ್ಚಿದವರು' ಎಂದು ಹೇಳಲಾಯಿತು. ಎರಡನೆಯ ಗುಂಪಿಗೆ 'ಇವರಿಗೆ ನೀವು ಸುಮಾರಾಗಿ ಇಷ್ಟವಾಗಿದ್ದೀರಿ' ಎಂದರು. ಮೂರನೆಯ ಗುಂಪಿಗೆ ಸಿಕ್ಕಿದ ಮಾಹಿತಿ ಮಾತ್ರ ವಿಚಿತ್ರವಾಗಿತ್ತು: 'ಇವರು ನಿಮ್ಮನ್ನು ತುಂಬಾ ಮೆಚ್ಚಿದವರೂ ಇರಬಹುದು, ಸುಮಾರಾಗಿ ಮೆಚ್ಚಿದವರೂ ಇರಬಹುದು, ಯಾವುದೆಂದು ಹೇಳಲಾಗದು.' ನಿಜಕ್ಕೂ ಅಂಥ ಹುಡುಗರು ಯಾರೂ ಇರಲಿಲ್ಲ. ಪುಟಗಳನ್ನು ಸಂಶೋಧಕರೇ ಸೃಷ್ಟಿಸಿದ್ದರು.

ನಮ್ಮನ್ನು ಮೆಚ್ಚಿದವರನ್ನು ನಾವೂ ಮೆಚ್ಚುತ್ತೇವೆ ಎಂಬುದು ಮನಶ್ಶಾಸ್ತ್ರಕ್ಕೆ ಹಳೆಯ ವಿಷಯ. ಮೊದಲ ಗುಂಪು ಎರಡನೆಯದಕ್ಕಿಂತ ಹೆಚ್ಚು ಆಕರ್ಷಿತವಾಯಿತು, ಅದರಲ್ಲಿ ಅಚ್ಚರಿಯಿರಲಿಲ್ಲ. ಅಚ್ಚರಿ ಇದ್ದದ್ದು ಮೂರನೆಯ ಗುಂಪಿನಲ್ಲಿ. ಹುಡುಗರ ಮನಸ್ಸು ಗೊತ್ತಿಲ್ಲದ ಹುಡುಗಿಯರೇ ಎಲ್ಲರಿಗಿಂತ ಹೆಚ್ಚು ಸೆಳೆತಕ್ಕೆ ಒಳಗಾದರು. ಆ ಹುಡುಗರ ಬಗ್ಗೆ ಹೆಚ್ಚು ಹೊತ್ತು ಯೋಚಿಸಿದವರೂ ಅವರೇ. ಎರಿನ್ ವಿಟ್‌ಚರ್ಚ್, ಟಿಮೊಥಿ ವಿಲ್ಸನ್ ಮತ್ತು ಡೇನಿಯಲ್ ಗಿಲ್ಬರ್ಟ್ 2011ರಲ್ಲಿ ಪ್ರಕಟಿಸಿದ ಈ ಪ್ರಯೋಗ ಚಿಕ್ಕದು, ಮುಖಾಮುಖಿ ಭೇಟಿಯಾಗದ ಅಪರಿಚಿತರ ಕುರಿತಾದದ್ದು. ಅದರ ಮೇಲೆ ದೊಡ್ಡ ಕಟ್ಟಡ ಕಟ್ಟುವಂತಿಲ್ಲ. ಆದರೂ ಮೂರ್ನಾಲ್ಕು ಸಲ ಖುಷಿಯಾಗಿ ಭೇಟಿಯಾದ ಮೇಲೆ ಒಬ್ಬರು ಏಕಾಏಕಿ ಮಾತು ನಿಲ್ಲಿಸಿದಾಗ ಇನ್ನೊಬ್ಬರಲ್ಲಿ ಏನಾಗುತ್ತದೆ ಎಂಬುದಕ್ಕೆ ಅದು ಒಳ್ಳೆಯ ಸುಳಿವು ಕೊಡುತ್ತದೆ. ಮೌನ ಶುರುವಾದ ಕ್ಷಣದಿಂದ ಆ ವ್ಯಕ್ತಿಯ ಮೇಲಿನ ಆಸೆ ಕಡಿಮೆಯಾಗುವ ಬದಲು ಹೆಚ್ಚಬಹುದು. ಕಾಯುತ್ತಿರುವವರು ತಮ್ಮ ಚಡಪಡಿಕೆಯನ್ನೇ 'ಇದು ನಿಜವಾದ ಪ್ರೀತಿ' ಎನ್ನುವುದಕ್ಕೆ ಸಾಕ್ಷಿ ಎಂದುಕೊಳ್ಳುತ್ತಾರೆ. ಅದರಲ್ಲಿ ಎಷ್ಟು ಪಾಲು ಆ ವ್ಯಕ್ತಿಯದು, ಎಷ್ಟು ಪಾಲು ಅನಿಶ್ಚಿತತೆಯದು ಎಂದು ಒಳಗಿನಿಂದ ಬೇರ್ಪಡಿಸಿ ನೋಡಲು ಬರುವುದಿಲ್ಲ.

ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳೋಣ. ಬೆಂಗಳೂರಿನ ಇಬ್ಬರು ಡೇಟಿಂಗ್ ಆ್ಯಪ್‌ನಲ್ಲಿ ಪರಿಚಯವಾಗಿದ್ದಾರೆ. ಮೊದಲ ಭೇಟಿ ಇಂದಿರಾನಗರದಲ್ಲಿ ಕಾಫಿಗೆ, ಎರಡನೆಯದು ಕಬ್ಬನ್ ಪಾರ್ಕಿನಲ್ಲಿ ಬೆಳಗಿನ ಸುತ್ತಾಟ, ಮೂರನೆಯದು ಒಂದು ಭಾನುವಾರ ರಂಗಶಂಕರದಲ್ಲಿ ನಾಟಕ, ಆಮೇಲೆ ಊಟ. 'ಮುಂದಿನ ವಾರ ಸಿಗೋಣ' ಎಂದವನು ಆತನೇ. 'ಮನೆ ಮುಟ್ಟಿದ್ಯಾ?' ಎಂದು ರಾತ್ರಿ ಮೆಸೇಜ್ ಹಾಕಿದವನೂ ಆತನೇ. ಸೋಮವಾರ ಬೆಳಗ್ಗೆ ಆಕೆ ಹಿಂದಿನ ದಿನದ ಮಾತಿನ ಎಳೆಯನ್ನೇ ಹಿಡಿದು ಏನೋ ಕಳಿಸುತ್ತಾಳೆ. ಎರಡು ಟಿಕ್‌ಗಳೂ ನೀಲಿಯಾಗುತ್ತವೆ. ಅಷ್ಟೇ. ಸಾಮಾನ್ಯವಾಗಿ ಎರಡು ಮೂರು ಗಂಟೆಯೊಳಗೆ ಉತ್ತರಿಸುವ, ಯಾವತ್ತೂ ಒಂದು ರಾತ್ರಿ ದಾಟಿಸದ ಮನುಷ್ಯ ಮಂಗಳವಾರ ಮಾತಾಡುವುದಿಲ್ಲ, ಬುಧವಾರವೂ ಇಲ್ಲ.

ಹೀಗೆ ಹೇಳದೆ ಕೇಳದೆ ಮಾಯವಾಗುವುದಕ್ಕೆ ಈಗ ಎಲ್ಲರೂ ಬಳಸುವ ಮಾತು ಘೋಸ್ಟಿಂಗ್. ಗಿಲಿ ಫ್ರೀಡ್‌ಮನ್ ಮತ್ತು ಸಂಗಡಿಗರು ಅಮೆರಿಕದಲ್ಲಿ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಕಾಲು ಭಾಗದಷ್ಟು ಜನ ಪ್ರಣಯ ಸಂಬಂಧದಲ್ಲಿ ಇದನ್ನು ಅನುಭವಿಸಿದ್ದರು, ಐದರಲ್ಲೊಬ್ಬರು ತಾವೇ ಹೀಗೆ ಮಾಡಿದ್ದರು. ಆ್ಯಪ್‌ಗಳಲ್ಲೇ ಓಡಾಡುವವರನ್ನು ಮಾತ್ರ ಕೇಳಿದರೆ ಪ್ರಮಾಣ ಇನ್ನೂ ಹೆಚ್ಚು ಬರುತ್ತದೆ.

ಆಕೆಯನ್ನು ಕಾಡುವ ಮೊದಲ ಪ್ರಶ್ನೆ ಇದು: ಭೇಟಿಗಳು ಅಷ್ಟು ಚೆನ್ನಾಗಿದ್ದವಲ್ಲ? ಎಲ್ಲಾ ನಾಟಕವೇ? ಬಹುಶಃ ನಾಟಕವಲ್ಲ. ಆದರೆ 'ಚೆನ್ನಾಗಿದ್ದ ಭೇಟಿ' ಎಂಬುದು ನಾವೆಣಿಸಿದಷ್ಟು ಗಟ್ಟಿಯಾದ ಪುರಾವೆಯೂ ಅಲ್ಲ. ಟೊರೊಂಟೊ ವಿಶ್ವವಿದ್ಯಾಲಯದಲ್ಲಿ ಸಮಂತಾ ಜೋಯಲ್ ಮತ್ತು ಸಹೋದ್ಯೋಗಿಗಳು 2014ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದನ್ನು ತೋರಿಸಿವೆ. ತಮಗೆ ಹಿಡಿಸದಂಥ ವ್ಯಕ್ತಿಯೊಬ್ಬರ ವಿವರ ಕೊಟ್ಟು, 'ಇವರ ಜೊತೆ ಸಂಪರ್ಕಕ್ಕೆ ಒಪ್ಪುತ್ತೀರಾ?' ಎಂದು ವಿದ್ಯಾರ್ಥಿಗಳನ್ನು ಕೇಳಲಾಯಿತು. ಅರ್ಧ ಜನರಿಗೆ ಇದು ಬರೀ ಕಲ್ಪನೆಯ ಪ್ರಶ್ನೆ, ಉಳಿದವರಿಗೆ ಆ ವ್ಯಕ್ತಿ ನಿಜವಾಗಿಯೂ ಅಲ್ಲೇ ಹತ್ತಿರದಲ್ಲಿದ್ದು ಉತ್ತರಕ್ಕೆ ಕಾಯುತ್ತಿದ್ದಾರೆ ಎಂಬ ನಂಬಿಕೆ. ಕಲ್ಪನೆಯಲ್ಲಿ ಸಲೀಸಾಗಿ 'ಬೇಡ' ಎಂದವರ ಸಂಖ್ಯೆ, ನಿಜದ ಸಂದರ್ಭ ಬಂದಾಗ ಗಣನೀಯವಾಗಿ ಇಳಿಯಿತು. ಎದುರಿನವರ ಮನಸ್ಸು ನೋಯುತ್ತದಲ್ಲ ಎಂಬ ಕಾಳಜಿ ಅವರನ್ನು ಒಪ್ಪಿಸಿತ್ತು.

ಇದನ್ನು ಮೂರನೆಯ ಭೇಟಿಗೆ ಅನ್ವಯಿಸಿ ನೋಡಿ. ಊಟದ ಮೇಜಿನಲ್ಲಿ ಎದುರಿಗೆ ಕೂತು ನಗುತ್ತಿರುವ ಮನುಷ್ಯ ಒಳಗೊಳಗೇ ಅರ್ಧ ಮನಸ್ಸಿನಲ್ಲಿದ್ದರೂ, ಆ ಹೊತ್ತಿನಲ್ಲಿ 'ಇಲ್ಲಿಗೆ ಸಾಕು' ಎನ್ನುವುದು ಬಹಳ ಕಷ್ಟ. 'ಮುಂದಿನ ವಾರ ಸಿಗೋಣ' ಎನ್ನುವುದು ಸುಲಭ, ಹೇಳುವಾಗ ಅದು ಸುಳ್ಳು ಎಂದು ಆತನಿಗೇ ಅನ್ನಿಸಿರಲಿಕ್ಕಿಲ್ಲ. ಮನೆಗೆ ಹೋಗಿ ಒಬ್ಬನೇ ಕೂತಾಗ ಎದುರಿಗಿನ ಮುಖ ಇರುವುದಿಲ್ಲ, ಒಪ್ಪಿಸುವ ಒತ್ತಡವೂ ಇರುವುದಿಲ್ಲ. ಅಲ್ಲಿ ನಿರ್ಧಾರ ತಿರುಗುತ್ತದೆ. ಭೇಟಿಯ ಹೊತ್ತಿನ ಆತ್ಮೀಯತೆಯೂ ನಿಜ, ಮರುದಿನದ ಮೌನವೂ ನಿಜ. ಎರಡೂ ಒಬ್ಬನೇ ಮನುಷ್ಯನ ಎರಡು ಬೇರೆ ಸ್ಥಿತಿಗಳಿಂದ ಹುಟ್ಟಿದವು.

ಕೆಟ್ಟ ಸುದ್ದಿ ಹೇಳಲು ಜನ ಹಿಂಜರಿಯುತ್ತಾರೆ ಎಂಬುದನ್ನು ಸಿಡ್ನಿ ರೋಸೆನ್ ಮತ್ತು ಏಬ್ರಹಾಂ ಟೆಸರ್ 1970ರಲ್ಲೇ ಪ್ರಯೋಗದಿಂದ ತೋರಿಸಿದ್ದರು. ಅದಕ್ಕೆ ಪ್ರಯೋಗಾಲಯ ಏಕೆ, ಕರ್ನಾಟಕದಲ್ಲಿ ಹೆಣ್ಣು ನೋಡುವ ಶಾಸ್ತ್ರ ಮುಗಿಸಿದ ಯಾವ ಮನೆಯವರಿಗೂ ಇದು ಗೊತ್ತಿದೆ. ಉಪ್ಪಿಟ್ಟು, ಕೇಸರಿಬಾತು ತಿಂದು, 'ಊರಿಗೆ ಹೋಗಿ ತಿಳಿಸ್ತೀವಿ' ಎಂದು ಹೊರಟವರು ತಿಳಿಸದೇ ಇದ್ದದ್ದು ಎಷ್ಟು ಸಲವೋ. ಆದರೆ ಆ ಹಳೆಯ ವ್ಯವಸ್ಥೆಯಲ್ಲಿ ನಡುವೆ ಒಬ್ಬರಿರುತ್ತಿದ್ದರು. ಸಂಬಂಧ ತಂದ ಸೋದರಮಾವನೋ, ದಲ್ಲಾಳಿಯೋ, ಪುರೋಹಿತರೋ. ಎಂಟು ದಿನ ಬಿಟ್ಟು ಹುಡುಗಿಯ ಅಪ್ಪ ಅವರನ್ನು ವಿಚಾರಿಸಬಹುದಿತ್ತು. ಅವರು 'ಜಾತಕ ಕೂಡಿಬರಲಿಲ್ಲವಂತೆ' ಎಂದು ಬಂದು ಹೇಳುತ್ತಿದ್ದರು. ಆ ಕಾರಣ ನಿಜವೋ ನೆಪವೋ ಯಾರೂ ಕೆದಕುತ್ತಿರಲಿಲ್ಲ. ಮುಖ್ಯವಾದ ಕೆಲಸ ಆಗಿರುತ್ತಿತ್ತು: 'ಇಲ್ಲ' ಎಂಬುದು ತಲುಪಿರುತ್ತಿತ್ತು, ಯಾರ ಮರ್ಯಾದೆಯೂ ಹೋಗದೆ.

ಆ್ಯಪ್‌ನಲ್ಲಿ ಪರಿಚಯವಾದವರ ನಡುವೆ ಈ ಮೂರನೆಯ ವ್ಯಕ್ತಿ ಇಲ್ಲ. ಸ್ಟ್ಯಾನ್‌ಫರ್ಡ್‌ನ ಮೈಕಲ್ ರೋಸೆನ್‌ಫೆಲ್ಡ್ ಮತ್ತು ಜೊತೆಗಾರರು 2019ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಅಮೆರಿಕದಲ್ಲಿ 2017ರಲ್ಲಿ ಜೊತೆಯಾದ ಗಂಡು-ಹೆಣ್ಣು ಜೋಡಿಗಳಲ್ಲಿ ಸುಮಾರು 39 ಪ್ರತಿಶತ ಪರಿಚಯವಾದದ್ದು ಆನ್‌ಲೈನ್‌ನಲ್ಲಿ. ಗೆಳೆಯರ ಮೂಲಕ ಪರಿಚಯವಾಗುವ ದಾರಿಯನ್ನು ಅದು ಹಿಂದಿಕ್ಕಿತ್ತು. ಇಬ್ಬರಿಗೂ ಗೊತ್ತಿರುವ ಒಬ್ಬ ಗೆಳೆಯನೂ ಇಲ್ಲದಿದ್ದಾಗ ಮಾಯವಾಗುವುದಕ್ಕೆ ತೆರಬೇಕಾದ ಬೆಲೆ ಸೊನ್ನೆ. ಕಾಯುವವರಿಗೆ ವಿಚಾರಿಸಲು ಒಂದು ಬಾಗಿಲೂ ಇಲ್ಲ.

ಈ ಮೌನ ಇಷ್ಟು ಚುಚ್ಚುವುದೇಕೆ? ಅಮೆರಿಕದ ಮನಶ್ಶಾಸ್ತ್ರಜ್ಞ ಕಿಪ್ಲಿಂಗ್ ವಿಲಿಯಮ್ಸ್ ಒಮ್ಮೆ ಪಾರ್ಕಿನಲ್ಲಿ ಕೂತಿದ್ದಾಗ ಇಬ್ಬರು ಅಪರಿಚಿತರ ಫ್ರಿಸ್ಬಿ ತಟ್ಟೆ ಅವರ ಬಳಿ ಬಂದು ಬಿತ್ತು. ಎತ್ತಿ ವಾಪಸ್ ಎಸೆದರು. ಆ ಇಬ್ಬರು ಅವರನ್ನೂ ಆಟಕ್ಕೆ ಸೇರಿಸಿಕೊಂಡು ಸ್ವಲ್ಪ ಹೊತ್ತು ಎಸೆದಾಡಿ, ಆಮೇಲೆ ಮಾತಿಲ್ಲದೆ ಅವರತ್ತ ಎಸೆಯುವುದನ್ನೇ ನಿಲ್ಲಿಸಿಬಿಟ್ಟರು. ಹೆಸರೂ ಗೊತ್ತಿಲ್ಲದವರ ಈ ನಡತೆ ತಮ್ಮನ್ನು ಅಷ್ಟು ನೋಯಿಸಿದ್ದು ಕಂಡು ಅವರಿಗೇ ಆಶ್ಚರ್ಯವಾಯಿತು. ಅದರಿಂದ ಹುಟ್ಟಿದ್ದು 'ಸೈಬರ್‌ಬಾಲ್' ಎಂಬ ಪ್ರಯೋಗ. ಕಂಪ್ಯೂಟರ್ ಪರದೆಯ ಮೇಲೆ ಮೂವರು ಚೆಂಡು ಎಸೆದಾಡುತ್ತಾರೆ, ಸ್ವಲ್ಪ ಹೊತ್ತಿಗೆ ಇಬ್ಬರು ಮೂರನೆಯವರಿಗೆ ಚೆಂಡು ಕೊಡುವುದನ್ನು ನಿಲ್ಲಿಸುತ್ತಾರೆ. 2000ದಲ್ಲಿ ಪ್ರಕಟವಾದ ಮೊದಲ ದೊಡ್ಡ ಅಧ್ಯಯನದಲ್ಲಿ 62 ದೇಶಗಳ 1,486 ಜನ ಭಾಗವಹಿಸಿದ್ದರು. ಕೆಲವೇ ನಿಮಿಷಗಳ ಈ ಹೊರಗಿಡುವಿಕೆ ಜನರ 'ನಾನು ಇವರಲ್ಲೊಬ್ಬ' ಎಂಬ ಭಾವವನ್ನು, ಪರಿಸ್ಥಿತಿ ತಮ್ಮ ಹಿಡಿತದಲ್ಲಿದೆ ಎಂಬ ನಂಬಿಕೆಯನ್ನು ಕುಗ್ಗಿಸಿತು. ಎದುರಾಳಿಗಳು ಮನುಷ್ಯರೇ ಅಲ್ಲ, ಬರೀ ಕಂಪ್ಯೂಟರ್ ಎಂದು ಮೊದಲೇ ಹೇಳಿ 2004ರಲ್ಲಿ ನಡೆಸಿದ ಪ್ರಯೋಗದಲ್ಲೂ ಜನ ಕುಗ್ಗಿದರು. ಯಂತ್ರವೊಂದು ಚೆಂಡು ಕೊಡದಿದ್ದರೇ ಹೀಗಾಗುವ ಮನಸ್ಸಿಗೆ ಮೂರು ಸಲ ಕೈಹಿಡಿದು ನಡೆದ ಮನುಷ್ಯ ಮಾತು ಬಿಟ್ಟರೆ ಆಗುವ ನೋವು ಅತಿಯಾದದ್ದೂ ಅಲ್ಲ, ದೌರ್ಬಲ್ಯವೂ ಅಲ್ಲ. 'ಬರೀ ಮೂರು ಸಲ ಸಿಕ್ಕಿದ್ದಕ್ಕೆ ಇಷ್ಟು ರಾದ್ಧಾಂತವಾ?' ಎಂದು ಕೇಳುವ ಗೆಳತಿಯರಿಗೆ ಇದನ್ನು ಹೇಳಬೇಕು.

ನೋವು ಅರ್ಥವಾಯಿತು. ಆದರೆ ಬುಧವಾರ ರಾತ್ರಿ ಫೋನು ಹಿಡಿದು ಕೂತವಳಿಗೆ ಬೇಕಾದದ್ದು ಬೇರೆ ಉತ್ತರ. ಇನ್ನೆಷ್ಟು ದಿನ ಕಾಯಬೇಕು?

ಇಲ್ಲಿ ಸಹಾಯಕ್ಕೆ ಬರುವುದು ಮನಶ್ಶಾಸ್ತ್ರಕ್ಕಿಂತ ಹೆಚ್ಚಾಗಿ ಸಂಭವನೀಯತೆಯ ಗಣಿತ. ಬಿಎಂಟಿಸಿ ನಿಲ್ದಾಣದಲ್ಲಿ ನಿಂತವರು ಇದನ್ನು ದಿನವೂ ಮಾಡುತ್ತಾರೆ. ಕಾಲು ಗಂಟೆಗೊಂದು ಬರುವ ಬಸ್ಸು ಹತ್ತು ನಿಮಿಷವಾದರೂ ಬರದಿದ್ದರೆ 'ಇನ್ನೇನು ಬಂತು' ಎಂಬ ಭರವಸೆ ಹೆಚ್ಚುತ್ತದೆ. ಒಂದು ಗಂಟೆಯಾದರೂ ಬರದಿದ್ದರೆ ಭರವಸೆ ಹೆಚ್ಚುವುದಿಲ್ಲ, ಈ ರೂಟೇ ರದ್ದಾಗಿದೆಯೇನೋ ಎಂಬ ಅನುಮಾನ ಹೆಚ್ಚುತ್ತದೆ. ಒಂದು ಹಂತ ದಾಟಿದ ಮೇಲೆ ಕಾದ ಹೊತ್ತೇ ಪುರಾವೆಯಾಗುತ್ತದೆ. ಪ್ರಣಯದಲ್ಲಿ ಮಾತ್ರ ಜನ ಎರಡನೆಯ ಹಂತದಲ್ಲೂ ಮೊದಲ ಹಂತದ ತರ್ಕವನ್ನೇ ಹಿಡಿದು ಕೂರುತ್ತಾರೆ: 'ಇಷ್ಟು ದಿನ ಆಯ್ತು, ಇವತ್ತು ಖಂಡಿತ ಮಾಡ್ತಾನೆ.'

ಉತ್ತರ ಬರುವ ವೇಗದ ಬಗ್ಗೆ ದೊಡ್ಡ ಪ್ರಮಾಣದ ದತ್ತಾಂಶ ಇದೆ, ಆದರೆ ಇಮೇಲ್‌ನದು. 2015ರಲ್ಲಿ ಪ್ರಕಟವಾದ ಅಧ್ಯಯನವೊಂದು 20 ಲಕ್ಷ ಯಾಹೂ ಬಳಕೆದಾರರ 1,600 ಕೋಟಿ ಇಮೇಲ್‌ಗಳನ್ನು ಪರಿಶೀಲಿಸಿತು. ಉತ್ತರ ಬಂದ ಇಮೇಲ್‌ಗಳಲ್ಲಿ ಅರ್ಧದಷ್ಟಕ್ಕೆ 47 ನಿಮಿಷದೊಳಗೇ ಬಂದಿತ್ತು, ಸುಮಾರು 90 ಪ್ರತಿಶತಕ್ಕೆ ಒಂದು ದಿನದೊಳಗೆ. ಮೊಬೈಲ್ ಮೆಸೇಜ್ ಇಮೇಲ್‌ಗಿಂತ ಚುರುಕಾದದ್ದೇ ಹೊರತು ನಿಧಾನವಾದದ್ದಲ್ಲ. ಹಾಗೆಂದು ತಡವಾದ ಉತ್ತರಗಳು ಇಲ್ಲವೇ ಇಲ್ಲವೆಂದಲ್ಲ. ಭೌತಶಾಸ್ತ್ರಜ್ಞ ಆಲ್ಬರ್ಟ್-ಲಾಸ್ಲೊ ಬರಬಾಸಿ ಮತ್ತು ಜೊತೆಗಾರರು ಡಾರ್ವಿನ್ ಹಾಗೂ ಐನ್‌ಸ್ಟೈನ್ ಅವರ ಪತ್ರವ್ಯವಹಾರವನ್ನು ಎಣಿಸಿದಾಗಲೂ ಇದೇ ಆಕಾರ ಕಂಡಿತ್ತು. ಅರ್ಧಕ್ಕಿಂತ ಹೆಚ್ಚು ಪತ್ರಗಳಿಗೆ ಹತ್ತು ದಿನದೊಳಗೆ ಉತ್ತರ ಹೋಗಿತ್ತು, ಕೆಲವಕ್ಕೆ ಮಾತ್ರ ತಿಂಗಳುಗಳು, ವರ್ಷಗಳು ಹಿಡಿದಿದ್ದವು. ಬಾಲ ಬಹಳ ಉದ್ದ, ಆದರೆ ಬಹಳ ತೆಳು. ಕಾಯುವವರ ಆಸೆ ಜೋತುಬೀಳುವುದು ಈ ತೆಳು ಬಾಲಕ್ಕೆ.

ಈಗ ಆಕೆಯ ಲೆಕ್ಕ ಮಾಡೋಣ. ಮುಂದಿನ ಅಂಕಿಗಳು ಯಾವ ಸಮೀಕ್ಷೆಯವೂ ಅಲ್ಲ, ಲೆಕ್ಕದ ದಾರಿ ತೋರಿಸಲು ಇಟ್ಟುಕೊಂಡ ಊಹೆಗಳು. ಪ್ರತಿಶತಗಳ ಬದಲು ಮನುಷ್ಯರನ್ನೇ ಎಣಿಸಿದರೆ ಇಂಥ ಲೆಕ್ಕ ಸುಲಭವಾಗಿ ತಲೆಗೆ ಹೋಗುತ್ತದೆ ಎಂದು ಜರ್ಮನಿಯ ಗೆರ್ಡ್ ಗಿಗರೆನ್ಸರ್ ತೋರಿಸಿಕೊಟ್ಟಿದ್ದಾರೆ. ಹಾಗಾಗಿ ಇಂಥದೇ ಮೂರು ಭೇಟಿ ಮುಗಿಸಿದ ಸಾವಿರ ಜೋಡಿಗಳನ್ನು ಊಹಿಸಿಕೊಳ್ಳಿ. ಭೇಟಿಗಳು ಚೆನ್ನಾಗಿದ್ದುದರಿಂದ ಉದಾರವಾಗಿಯೇ ಶುರುಮಾಡೋಣ: ಸಾವಿರದಲ್ಲಿ 800 ಮಂದಿಗೆ ಆಸಕ್ತಿ ಇನ್ನೂ ಇದೆ, 200 ಮಂದಿ ಮನಸ್ಸಿನಲ್ಲಿ ಹಿಂದೆ ಸರಿದಾಗಿದೆ.

ಆಸಕ್ತಿ ಇರುವವರೂ ಕೆಲವೊಮ್ಮೆ ಒಂದು ದಿನ ಸುಮ್ಮನಿರುತ್ತಾರೆ. ಕಚೇರಿಯ ಕೆಲಸ, ಜ್ವರ, ಅಮ್ಮ ಊರಿಂದ ಬಂದದ್ದು, ಹೀಗೆ ಏನಾದರೂ. ಐದರಲ್ಲೊಬ್ಬರು ಹೀಗೆ ಎಂದುಕೊಂಡರೆ 800ರಲ್ಲಿ 160 ಮಂದಿ. ಹಿಂದೆ ಸರಿದವರಲ್ಲಿ ಒಂದು ದಿನ ಸುಮ್ಮನಿರುವವರು ನೂರಕ್ಕೆ 70 ಎಂದುಕೊಂಡರೆ 140 ಮಂದಿ. ಮೊದಲ ದಿನದ ಕೊನೆಗೆ ಮೌನವಾಗಿರುವ 300 ಮಂದಿಯಲ್ಲಿ 160 ಮಂದಿಗೆ ಆಸಕ್ತಿ ಇದೆ. ಎಂದರೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಮಂಗಳವಾರ ಬೆಳಗ್ಗೆ ಗಾಬರಿಪಡಲು ಕಾರಣವಿಲ್ಲ ಎಂದು ಲೆಕ್ಕವೇ ಹೇಳುತ್ತದೆ.

ಮೂರು ದಿನವಾದಾಗ ಚಿತ್ರ ತಿರುಗುತ್ತದೆ. ಆಸಕ್ತಿ ಇದ್ದೂ ಮೂರು ದಿನ ತೆಪ್ಪಗಿರುವವರು ನೂರಕ್ಕೆ ಐವರು ಎಂದರೆ 40 ಮಂದಿ. ಹಿಂದೆ ಸರಿದವರಲ್ಲಿ ನೂರಕ್ಕೆ 60, ಎಂದರೆ 120 ಮಂದಿ. ಈಗ ಮೌನವಾಗಿರುವ 160 ಮಂದಿಯಲ್ಲಿ ಆಸಕ್ತಿ ಇರುವವರು ಕಾಲು ಭಾಗ ಮಾತ್ರ. ವಾರ ಕಳೆದಾಗ ಮೊದಲ ಗುಂಪಿನಲ್ಲಿ ನೂರಕ್ಕೆ ಒಬ್ಬರು, ಎರಡನೆಯದರಲ್ಲಿ ಅರ್ಧ ಜನ ಸುಮ್ಮನಿದ್ದಾರೆ ಎಂದುಕೊಂಡರೆ 8 ಮಂದಿಗೆ ಎದುರಾಗಿ 100 ಮಂದಿ ನಿಲ್ಲುತ್ತಾರೆ. ಆಸಕ್ತಿ ಉಳಿದಿರುವ ಸಾಧ್ಯತೆ ನೂರಕ್ಕೆ ಏಳು.

ಗಮನಿಸಿ, ಅಪಘಾತ, ಆಸ್ಪತ್ರೆ, ಕಳೆದುಹೋದ ಫೋನು ಇವೆಲ್ಲ ಆ ಎಂಟು ಮಂದಿಯೊಳಗೇ ಸೇರಿವೆ. ಅವನ್ನು ಲೆಕ್ಕದಿಂದ ಹೊರಗಿಟ್ಟಿಲ್ಲ, ಅವುಗಳಿಗೆ ಸಲ್ಲಬೇಕಾದಷ್ಟೇ ಜಾಗ ಕೊಟ್ಟಿದೆ.

ಲೆಕ್ಕದ ಅತ್ಯಂತ ಉಪಯುಕ್ತ ಭಾಗ ಮುಂದಿದೆ. ವಾರವಿಡೀ ಸುಮ್ಮನೆ ಕಾಯುವ ಬದಲು ಆಕೆ ಗುರುವಾರ ಒಂದು ನೇರ ಮೆಸೇಜ್ ಕಳಿಸುತ್ತಾಳೆ ಎಂದಿಟ್ಟುಕೊಳ್ಳಿ. 'ಭಾನುವಾರ ಚೆನ್ನಾಗಿತ್ತು. ನಂಗೆ ಇನ್ನೊಮ್ಮೆ ಸಿಗೋಕೆ ಇಷ್ಟ. ನಿಂಗೆ ಬೇಡ ಅನ್ಸಿದ್ರೂ ಪರವಾಗಿಲ್ಲ, ಒಂದು ಮಾತು ಹೇಳು.' ಇದರಲ್ಲಿ ದೂರಿಲ್ಲ, ಚುಚ್ಚುಮಾತಿಲ್ಲ, 'ಯಾಕೆ' ಎಂಬ ಪ್ರಶ್ನೆಯಿಲ್ಲ. 'ಬೇಡ' ಎನ್ನುವವನಿಗೂ ದಾರಿ ಸಲೀಸು ಮಾಡಿಕೊಟ್ಟಿದೆ. ಆಸಕ್ತಿ ಇದ್ದೂ ಯಾವುದೋ ಕಾರಣಕ್ಕೆ ಸುಮ್ಮನಿದ್ದ 40 ಮಂದಿಗೆ ಇಂಥ ಮೆಸೇಜ್ ಬಂದರೆ ಹತ್ತರಲ್ಲಿ ಒಂಬತ್ತು ಜನ ಎರಡು ಮೂರು ದಿನದಲ್ಲಿ ಉತ್ತರಿಸುತ್ತಾರೆ ಎಂದುಕೊಳ್ಳೋಣ, ಉಳಿಯುವುದು ನಾಲ್ವರು. ಹಿಂದೆ ಸರಿದ 120 ಮಂದಿಯಲ್ಲಿ ಮೂರರಲ್ಲೊಬ್ಬರು ನಯವಾಗಿ 'ಬೇಡ' ಎಂದರೂ 80 ಮಂದಿ ಉಳಿಯುತ್ತಾರೆ. ಭಾನುವಾರದ ಹೊತ್ತಿಗೆ ಉತ್ತರ ಬಂದಿಲ್ಲವೆಂದರೆ 84ರಲ್ಲಿ ನಾಲ್ಕು, ನೂರಕ್ಕೆ ಐದು. ಆರಂಭದ ಊಹೆಯನ್ನು ಇನ್ನೂ ಉದಾರವಾಗಿ, ಸಾವಿರಕ್ಕೆ 900 ಎಂದು ಹಿಡಿದರೂ ಕೊನೆಗೆ ನೂರಕ್ಕೆ ಹತ್ತರ ಆಸುಪಾಸಿಗೇ ಬಂದು ನಿಲ್ಲುತ್ತದೆ. ಮೆಸೇಜ್ ಕಳಿಸಿದ್ದರಿಂದ ಆತನ ಮನಸ್ಸು ಬದಲಾಗಲಿಲ್ಲ. ಆದರೆ ಮೌನದ ಅರ್ಥ ಸ್ಪಷ್ಟವಾಯಿತು. ಮೊದಲ ಮೌನಕ್ಕೆ ಹತ್ತು ಅರ್ಥಗಳಿದ್ದವು, ನೇರ ಪ್ರಶ್ನೆಯ ನಂತರದ ಮೌನಕ್ಕೆ ಬಹುಮಟ್ಟಿಗೆ ಒಂದೇ ಅರ್ಥ.

ಎರಡನೆಯ ಮೆಸೇಜ್ ಕಳಿಸಿದರೆ? ಅದರಿಂದ ಹೊಸದಾಗಿ ತಿಳಿಯುವುದು ಅತ್ಯಲ್ಪ. ಮೊದಲನೆಯದು ಪರೀಕ್ಷೆಯಾಗಿತ್ತು, ಎರಡನೆಯದು ಬೇಡಿಕೆಯಾಗುತ್ತದೆ.

ಈ ಲೆಕ್ಕ ನಿಂತಿರುವುದು ಒಂದೇ ಆಧಾರದ ಮೇಲೆ: ಆ ವ್ಯಕ್ತಿಯ ಹಿಂದಿನ ಲಯ. ಮೊದಲಿನಿಂದಲೂ ಎರಡು ದಿನಕ್ಕೊಮ್ಮೆ ಉತ್ತರಿಸುವವರ ಮೂರು ದಿನದ ಮೌನಕ್ಕೆ ಏನೂ ಅರ್ಥವಿಲ್ಲ. ಅವರ ವಿಷಯದಲ್ಲಿ ಮೂರು ದಿನವನ್ನು ಹತ್ತು ದಿನಕ್ಕೆ ಹಿಗ್ಗಿಸಬೇಕು. ಪರೀಕ್ಷೆ, ಮನೆಯಲ್ಲಿ ಸಾವು, ದೂರದ ಪ್ರಯಾಣದಂಥ ಸಂಗತಿ ಮೊದಲೇ ಗೊತ್ತಿದ್ದರೂ ಹಾಗೆಯೇ. ಇಂತಿಷ್ಟೇ ದಿನ ಎಂಬ ಸಾರ್ವತ್ರಿಕ ನಿಯಮ ಹೇಳುವವರನ್ನು ನಂಬಬೇಕಿಲ್ಲ. ಅಳತೆಗೋಲು ಆ ವ್ಯಕ್ತಿಯದೇ ಹಳೆಯ ಚಾಟ್‌ನಲ್ಲಿದೆ.

ಕಾಯುವವರು ಲೆಕ್ಕ ಬಿಟ್ಟು ಪರದೆಯ ಚಿಹ್ನೆಗಳನ್ನು ಓದಲು ಕೂತುಬಿಡುವುದುಂಟು. ವಾಟ್ಸ್ಆ್ಯಪ್‌ನಲ್ಲಿ ಒಂದು ಬೂದು ಟಿಕ್ ಎಂದರೆ ಮೆಸೇಜ್ ಹೊರಟಿದೆ, ಎರಡು ಬೂದು ಎಂದರೆ ಫೋನಿಗೆ ತಲುಪಿದೆ, ಎರಡೂ ನೀಲಿಯಾದರೆ ತೆರೆಯಲಾಗಿದೆ. ಓದಿದ ಗುರುತನ್ನು ಸೆಟ್ಟಿಂಗ್‌ನಲ್ಲಿ ಆಫ್ ಮಾಡಿದವರ ಟಿಕ್ ಓದಿದರೂ ನೀಲಿಯಾಗುವುದಿಲ್ಲ. ಒಂದೇ ಟಿಕ್‌ನಲ್ಲಿ ನಿಂತರೆ ಫೋನು ಆಫ್ ಆಗಿರಬಹುದು, ನೆಟ್ ಇಲ್ಲದಿರಬಹುದು, ಬ್ಲಾಕ್ ಮಾಡಿರಲೂಬಹುದು. ಪ್ರೊಫೈಲ್ ಚಿತ್ರ ಕಾಣದಿರುವುದಕ್ಕೂ 'ಲಾಸ್ಟ್ ಸೀನ್' ಮರೆಯಾಗಿರುವುದಕ್ಕೂ ಹೀಗೆಯೇ ಒಂದಕ್ಕಿಂತ ಹೆಚ್ಚು ಕಾರಣಗಳಿರುತ್ತವೆ. ಬ್ಲಾಕ್ ಆದವರಿಗೆ ಅದು ಖಚಿತವಾಗಿ ತಿಳಿಯಬಾರದೆಂದೇ ವಾಟ್ಸ್ಆ್ಯಪ್ ಈ ಗೊಂದಲವನ್ನು ಉಳಿಸಿಕೊಂಡಿದೆ, ಬ್ಲಾಕ್ ಮಾಡಿದವರ ಖಾಸಗಿತನ ಕಾಪಾಡಲು. ಆತ ರಾತ್ರಿ ಹನ್ನೊಂದಕ್ಕೆ ಆನ್‌ಲೈನ್ ಇದ್ದ ಎಂದು ಕಂಡುಹಿಡಿದರೂ ಆಕೆಗೆ ಗೊತ್ತಾಗುವುದು ಆತ ಕ್ಷೇಮವಾಗಿದ್ದಾನೆ, ಫೋನು ಅವನ ಕೈಯಲ್ಲೇ ಇದೆ ಎಂಬುದಷ್ಟೇ. ಉಳಿದದ್ದನ್ನು ಉತ್ತರವಿಲ್ಲದ ಮೆಸೇಜ್ ಆಗಲೇ ಹೇಳಿದೆ.

ಇಷ್ಟರಿಂದ 'ಬರುತ್ತಾನೆಯೇ' ಎಂಬ ಪ್ರಶ್ನೆಗೆ ಸಾಕಷ್ಟು ಒಳ್ಳೆಯ ಉತ್ತರ ಸಿಗುತ್ತದೆ. 'ಯಾಕೆ ಹೋದ' ಎಂಬುದಕ್ಕೆ ಸಿಗುವುದಿಲ್ಲ. ಈ ಎರಡನ್ನು ಕಲಸಿಕೊಳ್ಳುವುದೇ ಕಾಯುವಿಕೆಯನ್ನು ವಾರದಿಂದ ತಿಂಗಳಿಗೆ ಎಳೆಯುತ್ತದೆ. ಕಾರಣ ತಿಳಿಯದೆ ಮುಗಿಸಲಾರೆ ಎನ್ನುವವರು ಮೌನದಿಂದಲೇ ಕಾರಣವನ್ನು ಹಿಂಡಲು ನೋಡುತ್ತಾರೆ, ಅದು ಅಲ್ಲಿರುವುದೇ ಇಲ್ಲ. ಲಿಯಾ ಲೆಫೆಬ್ರ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಾವೇ ಮಾಯವಾದ ಯುವಜನ ಕೊಟ್ಟ ಕಾರಣಗಳು ಹಲವು ಬಗೆಯವು. ಹೀಗೆ ಮುಗಿಸುವುದು ಸುಲಭ ಅನ್ನಿಸಿತು, ಸೆಳೆತ ಕಡಿಮೆಯಾಯಿತು, ಏನೋ ಇರುಸುಮುರುಸಾಯಿತು, ಸಂಬಂಧ ಇನ್ನೂ ವಿವರಣೆ ಕೊಡುವಷ್ಟು ಬೆಳೆದಿರಲಿಲ್ಲ ಎಂದವರಿದ್ದರು. ಸುರಕ್ಷತೆಯ ಭಯ ಎಂದವರೂ ಇದ್ದರು. ಹೊರಗಿನಿಂದ ಇವೆಲ್ಲವೂ ಒಂದೇ ಥರ ಕಾಣುತ್ತವೆ, ಖಾಲಿ ಪರದೆ. ಕೊನೆಯ ಕಾರಣವನ್ನಂತೂ ಪ್ರತ್ಯೇಕವಾಗಿ ಗೌರವಿಸಬೇಕು. ಎದುರಿನವನ ಒಂದು ಮಾತಿಗೋ ನಡತೆಗೋ ಹೆದರಿದ ಹೆಣ್ಣುಮಗಳು ವಿವರಣೆ ಕೊಡದೆ ಹೊರಟುಹೋದರೆ ಅದರಲ್ಲಿ ತಪ್ಪು ಹುಡುಕುವ ಹಕ್ಕು ಯಾರಿಗೂ ಇಲ್ಲ.

ಕಾಯುವವರು ಆ ಖಾಲಿ ಜಾಗವನ್ನು ತಮ್ಮ ವಿರುದ್ಧವೇ ತುಂಬಿಕೊಳ್ಳುತ್ತಾರೆ. ನಾನು ಬೋರ್ ಹೊಡೆಸಿದೆ, ನಾನು ಚೆನ್ನಾಗಿಲ್ಲ, ಅವನಿಗೆ ನಾನು ಲೆಕ್ಕಕ್ಕೇ ಇರಲಿಲ್ಲ. ಯೇಜಿನ್ ಪಾರ್ಕ್ ಮತ್ತು ನದಾವ್ ಕ್ಲೈನ್ 2024ರಲ್ಲಿ ಪ್ರಕಟಿಸಿದ ಪ್ರಯೋಗಗಳ ಸರಣಿ ಈ ಕೊನೆಯ ತೀರ್ಮಾನವನ್ನು ನೇರವಾಗಿ ಪರೀಕ್ಷಿಸಿತು. ಮಾಯವಾದವರಿಗೆ ಎದುರಿನವರ ಬಗ್ಗೆ ಎಷ್ಟು ಕಾಳಜಿ ಇತ್ತೆಂದು ಅವರನ್ನೇ ಕೇಳಿದರು, ಕಳೆದುಕೊಂಡವರ ಅಂದಾಜನ್ನೂ ಕೇಳಿದರು. ಕಳೆದುಕೊಂಡವರು ಎಣಿಸಿದ್ದಕ್ಕಿಂತ ಕಾಳಜಿ ಹೆಚ್ಚೇ ಇತ್ತು. ನೇರವಾಗಿ ಬೇಡ ಎಂದು ನೋಯಿಸುವುದಕ್ಕಿಂತ ಸುಮ್ಮನಾಗುವುದು ಮೇಲು ಎಂದು ಭಾವಿಸಿದವರು ಅವರಲ್ಲಿದ್ದರು. ಅವರ ಆ ಎಣಿಕೆ ತಪ್ಪು. ಆದರೆ ಮೌನವನ್ನು ತಾತ್ಸಾರ ಎಂದು ಓದುವುದೂ ಅಷ್ಟೇ ತಪ್ಪು.

ಒಂದು ತಿಂಗಳ ನಂತರ ಆತ ಮತ್ತೆ ಕಾಣಿಸಿಕೊಂಡರೆ? ಹೀಗಾಗುವುದುಂಟು. ಒಂದು 'ಹಾಯ್', ಸ್ಟೇಟಸ್‌ಗೆ ಒಂದು ನಗುಮುಖ. 1957ರಲ್ಲಿ ಚಾರ್ಲ್ಸ್ ಫರ್ಸ್ಟರ್ ಮತ್ತು ಬಿ.ಎಫ್. ಸ್ಕಿನ್ನರ್ ಪ್ರಕಟಿಸಿದ ಗ್ರಂಥದಲ್ಲಿ ಪಾರಿವಾಳಗಳ ಮೇಲಿನ ಪ್ರಯೋಗಗಳ ದೊಡ್ಡ ದಾಖಲೆಯೇ ಇದೆ. ಗುಂಡಿ ಕುಕ್ಕಿದಾಗಲೆಲ್ಲ ಕಾಳು ಪಡೆದ ಹಕ್ಕಿ, ಕಾಳು ನಿಂತ ಮೇಲೆ ಬೇಗ ಕುಕ್ಕುವುದನ್ನು ಬಿಡುತ್ತದೆ. ಯಾವಾಗ ಎಂದು ಗೊತ್ತಿಲ್ಲದಂತೆ ಅಪರೂಪಕ್ಕೊಮ್ಮೆ ಕಾಳು ಪಡೆದ ಹಕ್ಕಿ, ಕಾಳು ಸಂಪೂರ್ಣ ನಿಂತ ಮೇಲೂ ಬಹಳ ಕಾಲ ಕುಕ್ಕುತ್ತಲೇ ಇರುತ್ತದೆ. ತಿಂಗಳಿಗೊಂದು 'ಹಾಯ್' ಮಾಡುವ ಕೆಲಸ ಇದೇ. ಕಾಯುವ ಅಭ್ಯಾಸವನ್ನು ಅದು ಸಾಯಗೊಡುವುದಿಲ್ಲ. ಮರಳಿ ಬಂದವರನ್ನು ಅಳೆಯಲು ಎರಡೇ ಸಂಗತಿ ಸಾಕು: ತಾನು ಎಲ್ಲಿ ಹೋಗಿದ್ದೆ ಎಂದು ಕೇಳದೆಯೇ ಹೇಳಿದರೇ, ಮುಂದಿನ ಭೇಟಿಗೆ ದಿನ-ಜಾಗ ಗೊತ್ತುಮಾಡಿ ಬಂದರೇ. ಎರಡೂ ಇದ್ದರೆ ಯೋಚಿಸಬಹುದು. ಎರಡೂ ಇಲ್ಲದ 'ಹಾಯ್'ಗೆ ಉತ್ತರಿಸದಿದ್ದರೆ ಕಳೆದುಕೊಳ್ಳುವುದೇನೂ ಇಲ್ಲ.

ಕಾಯುವುದನ್ನು ನಿಲ್ಲಿಸಲು ಜನ ಹೆದರುವುದು, ನಿಲ್ಲಿಸಿದ ಮರುದಿನವೇ ಮೆಸೇಜ್ ಬಂದರೆ ಎಂದು. ಬಂದರೆ ಬರಲಿ, ಫೋನು ಅಲ್ಲೇ ಇರುತ್ತದೆ. ಆಸ್ಪತ್ರೆಯಲ್ಲಿದ್ದವನು ಮರಳಿ ಬಂದು ನಡೆದದ್ದನ್ನು ಹೇಳಿದರೆ ಆಗ ಮಾತಾಡಬಹುದು. ನಿಲ್ಲಿಸುವುದೆಂದರೆ ಬಾಗಿಲು ಜಡಿಯುವುದಲ್ಲ. ಶನಿವಾರ ಸಂಜೆಯನ್ನು ಅವನಿಗೆಂದು ಖಾಲಿ ಇಡದಿರುವುದು, ಚಾಟನ್ನು ಆರ್ಕೈವ್‌ಗೆ ಹಾಕುವುದು, ಪ್ರೊಫೈಲ್ ತೆರೆದು ನೋಡದಿರುವುದು, ಬೇರೆಯವರನ್ನು ಭೇಟಿಯಾಗಲು ಒಪ್ಪುವುದು. ಈ ಯಾವುದನ್ನೂ ಹಿಂತೆಗೆದುಕೊಳ್ಳಲು ಆಗದೆಂದಿಲ್ಲ. ಹಿಂತಿರುಗಿ ಬಾರದ್ದು ಕಾಯುತ್ತ ಕಳೆದ ವಾರಗಳು ಮಾತ್ರ. ನಿಜಕ್ಕೂ ಏನೋ ಅಪಾಯವಾಗಿದೆ ಎಂಬ ಆತಂಕವಿದ್ದರೆ ಒಮ್ಮೆ ಫೋನು ಮಾಡಿ ಕ್ಷೇಮ ವಿಚಾರಿಸಬಹುದು. ಅದನ್ನು ಮೀರಿ ಆಫೀಸಿನ ಗೇಟಿನ ಬಳಿ ನಿಲ್ಲುವುದು, ಬೇರೆ ನಂಬರಿನಿಂದ ಮೆಸೇಜ್ ಹಾಕುವುದು ಯಾರಿಗೂ ಸಲ್ಲದು. ಆಸಕ್ತಿ ಇಲ್ಲವೆಂದು ಹೆಣ್ಣೊಬ್ಬಳು ಸ್ಪಷ್ಟವಾಗಿ ಸೂಚಿಸಿದ ಮೇಲೂ ಗಂಡಸು ಪದೇಪದೇ ಸಂಪರ್ಕಿಸಲು ಯತ್ನಿಸುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಡಿ ಅಪರಾಧ, ಮೊದಲ ಸಲಕ್ಕೆ ಮೂರು ವರ್ಷದವರೆಗೆ ಸೆರೆ ವಿಧಿಸಬಹುದು.

ಇನ್ನು, ಇದನ್ನು ಓದುತ್ತಿರುವವರಲ್ಲಿ ಹೊರಟುಹೋಗಲು ಮನಸ್ಸು ಮಾಡಿದವರೂ ಇರುತ್ತಾರೆ. ಎದುರಿನವರಿಂದ ಭಯವಿಲ್ಲದಿದ್ದರೆ, ಎರಡು ಮೂರು ಭೇಟಿ ಆಗಿದ್ದರೆ, ಅವರಿಗೊಂದು ಕೋರಿಕೆ. 'ನಿನ್ನ ಜೊತೆ ಕಳೆದ ಹೊತ್ತು ಚೆನ್ನಾಗಿತ್ತು. ಮುಂದುವರಿಸೋ ಮನಸ್ಸು ನನಗಿಲ್ಲ, ಒಳ್ಳೇದಾಗಲಿ' ಎಂದು ಬರೆದು ಕಳಿಸಿ. ಕಾರಣ ಹೇಳಬೇಕಾಗಿಲ್ಲ, ಆಮೇಲಿನ ಚರ್ಚೆಗೆ ಕೂರಬೇಕಾಗಿಯೂ ಇಲ್ಲ.